ಕಿವಿ ಕೇಳಿಸದಿರುವುದು ಬೇರೆ, ಕಿವುಡರಾಗಿ ಬದುಕುವುದು ಬೇರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಸಂಜ್ಞಾ ಭಾಷೆ ಕಲಿತದ್ದು ದೊಡ್ಡವಳಾದ ಮೇಲೆ, ಕಿವುಡ ಗೆಳತಿಯರಿಂದ. ಅದಕ್ಕೂ ಮುಂಚೆ ನನ್ನ ತಲೆಯಲ್ಲಿದ್ದ ಪ್ರಶ್ನೆಗಳನ್ನೇ ಈಗ ಬೇರೆಯವರು ನನ್ನನ್ನು ಕೇಳುತ್ತಾರೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಕಿವಿ ಕೇಳಿಸುವುದಿಲ್ಲ ಅಂದರೂ ಕಿವುಡರು ಅಂದರೂ ಒಂದೇ ಅಲ್ವಾ?

ಅಲ್ಲ. ಮೊದಲನೆಯದು ಕಿವಿಯ ವಿಷಯ. ಎರಡನೆಯದು ಬದುಕಿನ ವಿಷಯ.

ಕಿವಿ ಪರೀಕ್ಷೆ ಮಾಡಿಸಿದರೆ ಆಡಿಯೋಗ್ರಾಂ ಅಂತ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಎಡದಿಂದ ಬಲಕ್ಕೆ ಸದ್ದಿನ ಏರಿಳಿತ, ಅಂದರೆ ದಪ್ಪ ಸದ್ದಿನಿಂದ ಕೀರಲು ಸದ್ದಿನವರೆಗೆ. ಮೇಲಿನಿಂದ ಕೆಳಕ್ಕೆ ಸದ್ದಿನ ಜೋರು, ಡೆಸಿಬೆಲ್ ಲೆಕ್ಕದಲ್ಲಿ. ನಿಮಗೆ ಕೇಳಿಸಿದ ಅತಿ ಮೆಲ್ಲನೆಯ ಸದ್ದಿನ ಜಾಗದಲ್ಲಿ ಗುರುತು ಹಾಕುತ್ತಾ ಹೋಗುತ್ತಾರೆ. ಗೆರೆ ಕೆಳಗೆ ಇಳಿದಷ್ಟೂ ಕೇಳಿಸುವುದು ಕಡಿಮೆ. ಎದುರು ಕೂತು ಸಾಮಾನ್ಯವಾಗಿ ಮಾತಾಡುವ ದನಿ ಸುಮಾರು 60 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚೆನ್ನಾಗಿ ಕೇಳಿಸುವ ಕಿವಿಯಲ್ಲೇ ಗೆರೆ 80 ಡೆಸಿಬೆಲ್ ದಾಟಿ ಕೆಳಗಿದ್ದರೆ ಅದು ಅತಿ ತೀವ್ರ ಕಿವುಡು.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರ ಚೀಟಿಯಲ್ಲೂ ಗೆರೆ ಒಂದೇ ಕಡೆ, 85ರ ಹತ್ತಿರ. ಒಬ್ಬರು 68 ವರ್ಷದ ಮೇಷ್ಟ್ರು, ಕಳೆದ ಹತ್ತು ವರ್ಷದಲ್ಲಿ ಕಿವಿ ಮಂದವಾಗುತ್ತಾ ಬಂತು. ಮೊಮ್ಮಗಳ ಮಾತು ತಿಳಿಯುವುದಿಲ್ಲ, ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಇನ್ನೊಬ್ಬಳು 19 ವರ್ಷದ ಹುಡುಗಿ. ಹುಟ್ಟುವಾಗಲೇ ಕಿವುಡು, ಅಪ್ಪ ಅಮ್ಮ ಕೂಡ ಕಿವುಡರು. ಮನೆಯಲ್ಲಿ ಎಲ್ಲರೂ ಕೈಯಲ್ಲೇ ಜಗಳ ಆಡುತ್ತಾರೆ, ಕೈಯಲ್ಲೇ ಕಥೆ ಹೇಳುತ್ತಾರೆ. ಮೇಷ್ಟ್ರು ಕಳೆದುಕೊಂಡಿದ್ದಾರೆ. ಈ ಹುಡುಗಿ ಏನನ್ನೂ ಕಳೆದುಕೊಂಡಿಲ್ಲ, ಅವಳ ಬಳಿ ಅದು ಯಾವತ್ತೂ ಇರಲೇ ಇಲ್ಲ. ಅವಳ ಊಟದ ಹೊತ್ತಿನ ಮಾತುಕತೆ ಒಂದು ದಿನಕ್ಕೂ ನಿಂತಿಲ್ಲ. ಅದಕ್ಕೇ ‘ಶ್ರವಣದೋಷ’ ಅನ್ನುವ ಪದ ಮೇಷ್ಟ್ರಿಗೆ ಸರಿಯಾಗಿ ಹೊಂದುತ್ತದೆ, ಅವಳಿಗೆ ಹೊಂದುವುದಿಲ್ಲ. ಚೀಟಿ ನೋಡಿದರೆ ಮಾತ್ರ ಇಬ್ಬರೂ ಒಂದೇ.

ಇಂಗ್ಲಿಷಿನಲ್ಲಿ ಕೆಲವರು ‘ಡೆಫ್’ ಪದವನ್ನು ದೊಡ್ಡ ಅಕ್ಷರದಲ್ಲಿ ಶುರು ಮಾಡುತ್ತಾರಲ್ಲ, ಯಾಕೆ?

1972ರಲ್ಲಿ ಜೇಮ್ಸ್ ವುಡ್‌ವರ್ಡ್ ಅನ್ನುವ ಭಾಷಾ ವಿಜ್ಞಾನಿ ಹೀಗೆ ಬೇರೆ ಮಾಡಿ ಬರೆಯೋಣ ಅಂದರು. ಚಿಕ್ಕ ಅಕ್ಷರ ಕಿವಿಗೆ, ದೊಡ್ಡ ಅಕ್ಷರ ಒಂದು ಭಾಷೆಯನ್ನೂ ಬದುಕುವ ರೀತಿಯನ್ನೂ ಹಂಚಿಕೊಂಡ ಜನರಿಗೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಹಾಗಾಗಿ ಈ ಉಪಾಯ ಕನ್ನಡಕ್ಕೆ ಬರುವುದಿಲ್ಲ. ನಾನು ಕಿವಿಯ ಬಗ್ಗೆ ಹೇಳುವಾಗ ‘ಕೇಳಿಸುವುದು ಕಡಿಮೆ’ ಅಂತಲೂ ಜನರ ಬಗ್ಗೆ ಹೇಳುವಾಗ ‘ಕಿವುಡರು’, ‘ಕಿವುಡ ಸಮುದಾಯ’ ಅಂತಲೂ ಬರೆಯುತ್ತೇನೆ.

ಆದರೆ ಇದನ್ನು ಬೇಲಿ ಅಂದುಕೊಳ್ಳಬೇಡಿ. ಸ್ವಲ್ಪ ಕೇಳಿಸುವವರೂ ಈ ಸಮುದಾಯದಲ್ಲಿದ್ದಾರೆ. ಏನೂ ಕೇಳಿಸದಿದ್ದರೂ ತಾವು ಈ ಸಮುದಾಯದವರಲ್ಲ ಅನ್ನುವವರೂ ಇದ್ದಾರೆ. ಕಿವುಡ ಅಪ್ಪ ಅಮ್ಮನಿಗೆ ಹುಟ್ಟಿದ, ಚೆನ್ನಾಗಿ ಕಿವಿ ಕೇಳಿಸುವ ಮಕ್ಕಳ ಮೊದಲ ಭಾಷೆಯೇ ಸಂಜ್ಞಾ ಭಾಷೆ ಆಗಿರುವುದುಂಟು. ಮೂವತ್ತು ವರ್ಷ ತುಟಿ ಓದಿಕೊಂಡು ಬದುಕಿ ಆಮೇಲೆ ಸಂಜ್ಞೆ ಕಲಿತು, ‘ಈಗ ನನ್ನ ಮನೆಗೆ ಬಂದೆ’ ಅನ್ನುವವರಿದ್ದಾರೆ. ಈ ಎರಡು ಅಕ್ಷರದ ಭೇದವೇ ಬೇಡ, ಇದರಿಂದ ಜನ ಹೊರಗೆ ಉಳಿಯುತ್ತಾರೆ ಅನ್ನುವ ಕಿವುಡರೂ ಈಗ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ.

‘ಕಿವುಡರು’ ಅನ್ನಬಹುದಾ? ಬೈಗುಳದ ಥರ ಕೇಳಿಸುವುದಿಲ್ವಾ?

ಕಿವುಡರು ಅಂದರೆ ತಪ್ಪಿಲ್ಲ. ನನ್ನ ಗೆಳತಿಯರು ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆ. ಬೈಯುವ ದನಿಯಲ್ಲಿ ಹೇಳಿದರೆ ಯಾವ ಪದವೂ ಬೈಗುಳವೇ. ‘ಮೂಗರು’ ಅಂತ ಮಾತ್ರ ಅನ್ನಬೇಡಿ. ಅದು ನೋಯಿಸುತ್ತದೆ, ಜೊತೆಗೆ ಸುಳ್ಳು ಕೂಡ. ಅವರ ಗಂಟಲಿಗೆ ಏನೂ ಆಗಿಲ್ಲ. ಅವರಿಗೆ ಮಾತೂ ಇದೆ, ಅದು ಕೈಯಲ್ಲಿದೆ.

ಕಿವುಡು ಮನೆತನದಲ್ಲಿ ಹರಿದು ಬರದಿದ್ದರೆ ಭಾಷೆ ಹೇಗೆ ಹರಿದು ಬರುತ್ತದೆ?

ಇದು ಒಳ್ಳೆಯ ಪ್ರಶ್ನೆ. ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಮಕ್ಕಳ ಅಪ್ಪ ಅಮ್ಮನಿಗೆ ಕಿವಿ ಕೇಳಿಸುತ್ತದೆ. ಹಾಗಾಗಿ ಹೆಚ್ಚಿನ ಮಕ್ಕಳು ತಾಯಿಯ ತೊಡೆಯ ಮೇಲೆ ಈ ಭಾಷೆ ಕಲಿಯುವುದಿಲ್ಲ. ಇನ್ನೊಂದು ಕಿವುಡ ಮಗುವಿನಿಂದ ಕಲಿಯುತ್ತಾರೆ. ಶಾಲೆಯ ಹಿತ್ತಲಲ್ಲಿ, ಹಾಸ್ಟೆಲ್ ಕೋಣೆಯಲ್ಲಿ, ದೀಪ ಆರಿಸಿದ ಮೇಲೂ ಕಿಟಕಿಯ ಬೆಳಕಲ್ಲಿ. ಕಿವುಡ ಶಾಲೆ ಅಂದರೆ ಹಳೆಯ ಕಿವುಡರ ಕಣ್ಣು ತುಂಬಿ ಬರುವುದು ಅಲ್ಲಿನ ಪಾಠಕ್ಕಲ್ಲ. ಮೊದಲ ಸಲ ತಮ್ಮ ಮಾತು ಇನ್ನೊಬ್ಬರಿಗೆ ಅರ್ಥವಾದದ್ದು ಅಲ್ಲಿ.

ಕೈಸನ್ನೆ ಮಾಡುವುದು ನಮಗೂ ಬರುತ್ತದೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಗೊಂದಲಕ್ಕೆ ನಮ್ಮ ಪದವೂ ಒಂದು ಕಾರಣ. ‘ಸನ್ನೆ ಭಾಷೆ’ ಅಂದ ಕೂಡಲೇ ಕಣ್ಸನ್ನೆ, ಕೈಸನ್ನೆ ನೆನಪಾಗುತ್ತದೆ. ಅದಕ್ಕೇ ಇಲ್ಲಿ ನಾನು ‘ಸನ್ನೆ’ ಪದವನ್ನು ನಾವೆಲ್ಲ ಮಾಡುವ ಕೈಸನ್ನೆಗೆ ಬಿಟ್ಟು, ಕಿವುಡರ ಭಾಷೆಯ ಪದಕ್ಕೆ ‘ಸಂಜ್ಞೆ’ ಅನ್ನುತ್ತೇನೆ.

ಊಟ ಮಾಡಿದೆಯಾ ಅಂತ ದೂರದಿಂದ ಕೇಳಲು ಬಾಯಿ ಹತ್ತಿರ ಕೈ ತಂದು ಆಡಿಸುತ್ತೀರಿ. ಅದು ಸನ್ನೆ. ಅದನ್ನು ಬಿಡಿ ಭಾಗ ಮಾಡಲು ಆಗುವುದಿಲ್ಲ. ಬೆರಳು ಸ್ವಲ್ಪ ಮಡಿಸಿದರೂ, ಕೈ ಸ್ವಲ್ಪ ಕೆಳಗೆ ಇಳಿದರೂ ಅರ್ಥ ಅದೇ. ಇಡೀ ಸನ್ನೆ ಒಂದೇ ಮುದ್ದೆ. ಆದರೆ ಮಾತು ಹಾಗಲ್ಲ. ‘ಬರ’ ಅನ್ನುವಲ್ಲಿ ಮೊದಲ ಸದ್ದು ಒಂದನ್ನು ಬದಲಿಸಿ ‘ಮರ’ ಅಂದರೆ ಅರ್ಥವೇ ಬೇರೆ. ‘ಬ’ಗೆ ಅದರದ್ದೇ ಅರ್ಥ ಇಲ್ಲ, ‘ಮ’ಗೂ ಇಲ್ಲ, ಆದರೂ ಅವು ಬದಲಾದರೆ ಪದ ಬದಲಾಗುತ್ತದೆ. ಭಾಷೆಯ ಮೂಲ ಗುಟ್ಟು ಇದೇ. ಅರ್ಥವಿಲ್ಲದ ಕೆಲವೇ ಚೂರುಗಳಿಂದ ಸಾವಿರಾರು ಪದ ಕಟ್ಟುವುದು.

ಸಂಜ್ಞೆಗಳಲ್ಲೂ ಇಂಥ ಚೂರುಗಳಿವೆ ಅಂತ ತೋರಿಸಿದವರು ವಿಲಿಯಂ ಸ್ಟೋಕಿ. ಅಮೆರಿಕದ ಗ್ಯಾಲೊಡೆಟ್‌ನಲ್ಲಿ, ಅಂದರೆ ಕಿವುಡರಿಗಾಗಿಯೇ ಇರುವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. 1960ರಲ್ಲಿ ಅವರು ಬರೆದದ್ದು ಇಷ್ಟು: ಪ್ರತಿ ಸಂಜ್ಞೆಯಲ್ಲೂ ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ ಅಂತ ಬೇರೆ ಬೇರೆ ಭಾಗ ಇವೆ. ಅಂಗೈ ಯಾವ ಕಡೆ ತಿರುಗಿದೆ, ಮುಖದಲ್ಲಿ ಏನಾಗುತ್ತಿದೆ ಅನ್ನುವುದನ್ನು ಆಮೇಲಿನವರು ಸೇರಿಸಿದರು.

ಒಂದು ಉದಾಹರಣೆ ಕೈಯಲ್ಲೇ ಮಾಡಿ ನೋಡಿ. ತೋರು ಬೆರಳು ಚಾಚಿ ಮುಖದ ಮುಂದೆ ಅಡ್ಡಲಾಗಿ ಹಿಡಿಯಿರಿ. ಪಕ್ಕಕ್ಕೆ ಎಳೆಯುತ್ತಾ ಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸಿ. ಹಣೆಯ ಮುಂದೆ ಹೀಗೆ ಎಳೆದರೆ ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ‘ಬೇಸಿಗೆ’. ಅದೇ ಬೆರಳು, ಅದೇ ಎಳೆತ, ಮೂಗಿನ ಮುಂದೆ ಮಾಡಿದರೆ ‘ಕುರೂಪ’. ಗದ್ದದ ಮುಂದೆ ಮಾಡಿದರೆ ‘ಒಣ’. ಬದಲಾದದ್ದು ಜಾಗ ಒಂದೇ. ಇದು ಬರ, ಮರ, ಪರ ಇದ್ದ ಹಾಗೇ ಇದೆ, ನೋಡಿ. ಕೈಸನ್ನೆಯಲ್ಲಿ ಇಂಥದ್ದು ಎಲ್ಲೂ ಸಿಗುವುದಿಲ್ಲ.

ಆದರೆ ಎಷ್ಟೋ ಸಂಜ್ಞೆಗಳು ಆ ವಸ್ತುವಿನ ಥರವೇ ಕಾಣುತ್ತವಲ್ಲ? ಅಂದಮೇಲೆ ಅದು ಚಿತ್ರ ತಾನೆ?

ಕಾಣುತ್ತವೆ, ನಿಜ. ಕೈಗೆ ಆಕಾರ ತೋರಿಸುವುದು ಸುಲಭ, ಆ ಸವಲತ್ತನ್ನು ಸಂಜ್ಞಾ ಭಾಷೆಗಳು ಚೆನ್ನಾಗಿ ಬಳಸಿಕೊಳ್ಳುತ್ತವೆ. ಕನ್ನಡದಲ್ಲೂ ಪಟಪಟ, ಚಟಚಟ, ಗುಡುಗುಡು ಇಲ್ವಾ? ಅಷ್ಟಕ್ಕೇ ಕನ್ನಡ ಬರೀ ಸದ್ದಿನ ನಕಲು ಅಂತ ಯಾರೂ ಹೇಳುವುದಿಲ್ಲ.

ಅರ್ಥ ಕಣ್ಣಿಗೆ ಕಾಣುವಂತಿದ್ದರೂ ಮಗು ಅದನ್ನು ಚಿತ್ರದ ಹಾಗೆ ಓದುವುದಿಲ್ಲ ಅನ್ನುವುದಕ್ಕೆ ಒಂದು ಸಾಕ್ಷಿ ಇದೆ. ನನಗೆ ಈ ಇಡೀ ವಿಷಯದಲ್ಲಿ ಅದರಷ್ಟು ಇಷ್ಟವಾದದ್ದು ಬೇರೆ ಇಲ್ಲ.

ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ‘ನಾನು’ ಅಂದರೆ ತನ್ನ ಎದೆಯ ಕಡೆ ಬೆರಳು ತೋರಿಸುವುದು. ‘ನೀನು’ ಅಂದರೆ ಎದುರಿನವರ ಕಡೆ ತೋರಿಸುವುದು. ಇದಕ್ಕಿಂತ ಸುಲಭದ್ದು ಇನ್ನೇನಿದೆ, ಯಾವ ಮಗುವಿಗಾದರೂ ತಪ್ಪಲು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಲಾರಾ ಆನ್ ಪೆಟಿಟೊ ಅನ್ನುವ ಸಂಶೋಧಕಿ ಕಿವುಡ ಅಪ್ಪ ಅಮ್ಮನ ಕಿವುಡ ಮಕ್ಕಳನ್ನು ತಿಂಗಳುಗಟ್ಟಲೆ ವಿಡಿಯೊ ಮಾಡಿ ನೋಡಿದರು. ಹತ್ತು ತಿಂಗಳ ಸುಮಾರಿಗೆ ಆ ಮಕ್ಕಳು ಎಲ್ಲ ಮಕ್ಕಳ ಹಾಗೆ ವಸ್ತುಗಳ ಕಡೆ, ಜನರ ಕಡೆ ಬೆರಳು ತೋರಿಸುತ್ತಿದ್ದವು. ಒಂದು ವರ್ಷ ದಾಟಿದ ಮೇಲೆ ಜನರ ಕಡೆ ತೋರಿಸುವುದನ್ನು ನಿಲ್ಲಿಸಿಬಿಟ್ಟವು. ವಸ್ತುಗಳ ಕಡೆ ಮಾತ್ರ ತೋರಿಸುವುದು ನಡೆದೇ ಇತ್ತು. ತಿಂಗಳುಗಳ ನಂತರ, ಎರಡು ವರ್ಷದ ಹತ್ತಿರ, ಜನರ ಕಡೆ ಬೆರಳು ಮತ್ತೆ ಬಂತು. ಬಂದದ್ದು ತಪ್ಪಾಗಿ! ‘ನನಗೆ’ ಅನ್ನಬೇಕಾದಾಗ ಮಗು ಎದುರಿನವರ ಕಡೆ ತೋರಿಸುತ್ತಿತ್ತು. ಎರಡೂಕಾಲು ವರ್ಷದ ಹೊತ್ತಿಗೆ ಸರಿಯಾಯಿತು.

ಕಿವಿ ಕೇಳಿಸುವ ಕೆಲವು ಮಕ್ಕಳೂ ಸುಮಾರು ಇದೇ ವಯಸ್ಸಿನಲ್ಲಿ ‘ನಾನು’, ‘ನೀನು’ ಅದಲು ಬದಲು ಮಾಡುತ್ತವೆ. ಎತ್ತಿಕೋ ಅನ್ನಲು ‘ನಿನ್ನ ಎತ್ಕೋ’ ಅನ್ನುವ ಮಗುವನ್ನು ನೀವೂ ನೋಡಿರಬಹುದು. ಅಮ್ಮ ತನಗೆ ‘ನೀನು’ ಅನ್ನುತ್ತಾಳೆ, ಹಾಗಾದರೆ ‘ನೀನು’ ನನ್ನ ಹೆಸರು ಅಂತ ಅದರ ಲೆಕ್ಕ. ಕಿವುಡ ಮಗುವೂ ಅದೇ ಲೆಕ್ಕ ಹಾಕಿತ್ತು. ಆ ಬೆರಳು ಅದಕ್ಕೆ ದಾರಿ ತೋರಿಸುವ ಬೆರಳಾಗಿ ಉಳಿದಿರಲಿಲ್ಲ, ಪದವಾಗಿತ್ತು. ಪದವಾದ್ದರಿಂದಲೇ ತಪ್ಪಿತು. ಬರೀ ಸನ್ನೆ ಆಗಿದ್ದರೆ ತಪ್ಪುತ್ತಲೇ ಇರಲಿಲ್ಲ.

ವ್ಯಾಕರಣ ಇದೆಯಾ? ಪದ ಪದ ಜೋಡಿಸಿದ ಹಾಗೆ ಕಾಣುತ್ತದೆ.

ನೀವು ಕೈ ಮಾತ್ರ ನೋಡುತ್ತಿದ್ದೀರಿ, ಅದಕ್ಕೇ ಹಾಗೆ ಕಾಣುತ್ತದೆ. ಒಂದು ವಾಕ್ಯ ತೆಗೆದುಕೊಳ್ಳೋಣ. ‘ಅಕ್ಕ ತಮ್ಮನಿಗೆ ಪುಸ್ತಕ ಕೊಟ್ಟಳಾ?’

ಕನ್ನಡದಲ್ಲಿ ಇಲ್ಲಿ ಮೂರು ಚಿಕ್ಕ ಬಾಲಗಳು ಕೆಲಸ ಮಾಡುತ್ತಿವೆ. ‘-ಇಗೆ’ ಇರುವುದರಿಂದ ಪುಸ್ತಕ ತಮ್ಮನಿಗೆ ಹೋಯಿತು ಅಂತ ಗೊತ್ತಾಗುತ್ತದೆ. ‘-ಳು’ ಇರುವುದರಿಂದ ಕೊಟ್ಟದ್ದು ಅಕ್ಕ ಅಂತ. ಕೊನೆಯ ‘ಆ’ ಇರುವುದರಿಂದ ಇದು ಪ್ರಶ್ನೆ ಅಂತ. ‘ಅಕ್ಕ ತಮ್ಮ ಪುಸ್ತಕ ಕೊಡು’ ಅಂದರೆ ಏನೂ ತಿಳಿಯುವುದಿಲ್ಲ. ಸಂಜ್ಞಾ ಭಾಷೆ ಹಾಗೇ ಮಾತಾಡುತ್ತದೆ ಅಂತ ಜನ ಅಂದುಕೊಂಡಿದ್ದಾರೆ.

ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಇದನ್ನು ಹೇಳುವವರು ಮೊದಲು ‘ಅಕ್ಕ’ ಅಂತ ಸಂಜ್ಞೆ ಮಾಡಿ ತಮ್ಮ ಎಡಗಡೆ ಗಾಳಿಯಲ್ಲಿ ಒಂದು ಜಾಗ ತೋರಿಸುತ್ತಾರೆ. ಇನ್ನು ಮುಂದೆ ಆ ಜಾಗವೇ ಅಕ್ಕ. ‘ತಮ್ಮ’ ಅಂತ ಮಾಡಿ ಬಲಗಡೆ ಒಂದು ಜಾಗ. ಪುಸ್ತಕದ ಸಂಜ್ಞೆ ಬರುತ್ತದೆ. ಆಮೇಲೆ ‘ಕೊಡು’ ಅನ್ನುವ ಸಂಜ್ಞೆ ಅಕ್ಕನ ಜಾಗದಿಂದ ಹೊರಟು ತಮ್ಮನ ಜಾಗಕ್ಕೆ ಹೋಗುತ್ತದೆ. ಹೊರಟ ಜಾಗ ಕೊಟ್ಟವರು, ಮುಟ್ಟಿದ ಜಾಗ ಪಡೆದವರು. ದಿಕ್ಕು ತಿರುಗಿಸಿದರೆ ತಮ್ಮನೇ ಅಕ್ಕನಿಗೆ ಕೊಟ್ಟ ಅಂತ ಆಗುತ್ತದೆ. ಇಷ್ಟು ಹೊತ್ತೂ ಹುಬ್ಬು ಮೇಲೆ ಏರಿದೆ, ತಲೆ ಸ್ವಲ್ಪ ಮುಂದೆ ಬಾಗಿದೆ. ಆ ಹುಬ್ಬೇ ನಮ್ಮ ‘ಆ’. ಹುಬ್ಬು ಇಳಿಸಿದರೆ ಅದೇ ಕೈ ‘ಕೊಟ್ಟಳು’ ಅಂತ ಹೇಳುತ್ತದೆ. ಯಾರು, ಎಲ್ಲಿ, ಯಾಕೆ ಅನ್ನುವ ಪ್ರಶ್ನೆಗೆ ಹುಬ್ಬು ಏರುವುದಿಲ್ಲ, ಗಂಟಿಕ್ಕಿಕೊಳ್ಳುತ್ತದೆ. ಹೊಸದಾಗಿ ಕಲಿಯುವವರು ಮುಖ ಕಲ್ಲಿನ ಹಾಗೆ ಇಟ್ಟುಕೊಂಡು ಬರೀ ಕೈ ಆಡಿಸುತ್ತಾರೆ. ನಾನೂ ತಿಂಗಳುಗಟ್ಟಲೆ ಹಾಗೇ ಮಾಡಿದೆ, ಎದುರಿನವರು ಇದು ಪ್ರಶ್ನೆಯೋ ಹೇಳಿಕೆಯೋ ಅಂತ ಕಾಯುತ್ತಾ ಕೂತಿರುತ್ತಿದ್ದರು.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಒಂದು ಸಂಜ್ಞೆ ಮಾಡಲು ಒಂದು ಪದ ಆಡುವುದಕ್ಕಿಂತ ಸುಮಾರು ಎರಡು ಪಟ್ಟು ಹೊತ್ತು ಬೇಕು. ಆದರೂ ಅದೇ ಕಥೆಯನ್ನು ಬಾಯಲ್ಲಿ ಹೇಳಿದರೂ ಕೈಯಲ್ಲಿ ಹೇಳಿದರೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಮುಗಿಯುತ್ತದೆ ಅಂತ 1970ರ ದಶಕದಲ್ಲೇ ಅಳೆದು ನೋಡಿದ್ದಾರೆ. ನಾಲಿಗೆ ಒಂದೇ, ಅದು ಒಂದಾದ ಮೇಲೊಂದು ಹೇಳಬೇಕು. ಇಲ್ಲಿ ಕೈ, ಮುಖ, ಜಾಗ ಮೂರೂ ಒಟ್ಟಿಗೆ ಹೇಳುತ್ತವೆ.

ಇದು ಕನ್ನಡವನ್ನೋ ಇಂಗ್ಲಿಷನ್ನೋ ಕೈಯಲ್ಲಿ ಬರೆದ ಹಾಗೆ ಅಲ್ವಾ?

ಅಲ್ಲ. ಹೆಸರು, ಊರು ಹೇಳಲು ಬೆರಳಿನಲ್ಲಿ ಅಕ್ಷರ ತೋರಿಸುವುದುಂಟು, ಅದು ಭಾಷೆಯ ಒಂದು ಮೂಲೆ ಮಾತ್ರ. ಸುತ್ತಲಿನ ಜನ ಆಡುವ ಮಾತಿನ ವ್ಯಾಕರಣವನ್ನು ಸಂಜ್ಞಾ ಭಾಷೆ ಸಾಲ ತರುವುದಿಲ್ಲ. ನಾವು ‘ನೀನು ಎಲ್ಲಿಗೆ ಹೋದೆ’ ಅನ್ನುತ್ತೇವೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ, ‘ನೀನು ಹೋದೆ ಎಲ್ಲಿ’ ಅಂದ ಹಾಗೆ. ಹಿಂದಿಯಲ್ಲೂ ಹೀಗಿಲ್ಲ, ಇಂಗ್ಲಿಷಿನಲ್ಲೂ ಹೀಗಿಲ್ಲ.

ಇಡೀ ಲೋಕಕ್ಕೆ ಒಂದೇ ಸಂಜ್ಞಾ ಭಾಷೆ ತಾನೆ?

ಇಲ್ಲ, ನೂರಕ್ಕೂ ಜಾಸ್ತಿ ಇವೆ. ಇಂಗ್ಲೆಂಡಿನವರೂ ಅಮೆರಿಕದವರೂ ಆಡುವುದು ಒಂದೇ ಇಂಗ್ಲಿಷ್, ಆದರೆ ಅಲ್ಲಿನ ಕಿವುಡರು ಒಬ್ಬರಿಗೊಬ್ಬರು ಅರ್ಥವಾಗುವುದಿಲ್ಲ. ಅಮೆರಿಕದ ಸಂಜ್ಞೆಗೆ ಹತ್ತಿರದ ನೆಂಟ ಫ್ರಾನ್ಸಿನದ್ದು. ಲೊರಾಂ ಕ್ಲೆರ್ ಅನ್ನುವ ಫ್ರೆಂಚ್ ಕಿವುಡ ಮೇಷ್ಟ್ರು 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ಕಟ್ಟಲು ಜೊತೆಯಾದರು. ಅವರ ಕೈಯಲ್ಲಿ ಭಾಷೆಯೂ ಸಮುದ್ರ ದಾಟಿತು.

ಯಾರು ಕೂತು ಮಾಡಿದ್ದು ಈ ಭಾಷೆಗಳನ್ನು?

ಯಾರೂ ಕೂತು ಮಾಡಿದ್ದಲ್ಲ. ಒಂದು ಭಾಷೆ ಹುಟ್ಟುವುದನ್ನು ವಿಜ್ಞಾನಿಗಳು ಕಣ್ಣಾರೆ ನೋಡಿದ್ದೂ ಇದೆ, ನಿಕರಾಗುವಾ ದೇಶದಲ್ಲಿ.

ಅಲ್ಲಿ 1970ರ ದಶಕದ ಕೊನೆಯವರೆಗೂ ಕಿವುಡ ಮಕ್ಕಳು ಬಹುಮಟ್ಟಿಗೆ ಅವರವರ ಮನೆಯಲ್ಲೇ ಇದ್ದರು. ಮನೆಯವರ ಜೊತೆ ಊಟ, ನೀರು, ನಿದ್ದೆ ಅಂತ ಒಂದಷ್ಟು ಸನ್ನೆ ಮಾಡಿಕೊಂಡಿದ್ದರು. 1977ರಲ್ಲಿ ರಾಜಧಾನಿ ಮನಾಗ್ವಾದಲ್ಲಿ ವಿಶೇಷ ಶಾಲೆ ಶುರುವಾಯಿತು. ಮುಂದಿನ ವರ್ಷಗಳಲ್ಲಿ ನೂರಾರು ಮಕ್ಕಳು ಸೇರಿದರು. ಮೇಷ್ಟ್ರುಗಳಿಗೆ ಸಂಜ್ಞೆ ಗೊತ್ತಿರಲಿಲ್ಲ. ಅವರು ತುಟಿ ಓದಿಸಿ ಸ್ಪ್ಯಾನಿಷ್ ಕಲಿಸಲು ನೋಡಿದರು, ಅದು ಅಷ್ಟಾಗಿ ಹತ್ತಲಿಲ್ಲ. ಆದರೆ ಆಟದ ಬಯಲಲ್ಲಿ, ಶಾಲೆಯ ಬಸ್ಸಿನಲ್ಲಿ ಮಕ್ಕಳು ತಮ್ಮ ತಮ್ಮ ಮನೆಯ ಸನ್ನೆಗಳನ್ನು ಒಂದಕ್ಕೊಂದು ಸೇರಿಸಿ ಮಾತಾಡತೊಡಗಿದರು. 1986ರಲ್ಲಿ ಜೂಡಿ ಕೆಗಲ್ ಅನ್ನುವ ಭಾಷಾ ವಿಜ್ಞಾನಿಯನ್ನು ಕರೆಸಿದರು. ಅವರು ನೋಡಿದಾಗ ಒಂದು ವಿಚಿತ್ರ ಕಂಡಿತು. ಮೊದಲು ಬಂದ ದೊಡ್ಡ ಮಕ್ಕಳಿಗಿಂತ ಆಮೇಲೆ ಬಂದ ಚಿಕ್ಕ ಮಕ್ಕಳ ಭಾಷೆ ಹೆಚ್ಚು ಚುರುಕಾಗಿತ್ತು, ಹೆಚ್ಚು ಕಟ್ಟುನಿಟ್ಟಾಗಿತ್ತು.

ಆ್ಯನ್ ಸೆಂಗಸ್ ಮತ್ತು ಅವರ ಜೊತೆಯವರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಕಾರ್ಟೂನ್ ತೋರಿಸಿದರು. ಬೆಕ್ಕೊಂದು ದೊಡ್ಡ ಚೆಂಡು ನುಂಗಿ ಇಳಿಜಾರು ಬೀದಿಯಲ್ಲಿ ಉರುಳಿಕೊಂಡು ಹೋಗುತ್ತದೆ. ನೋಡಿದ್ದನ್ನು ಹೇಳಿ ಅಂದರು. ಕಿವಿ ಕೇಳಿಸುವವರು ಬಾಯಲ್ಲಿ ಹೇಳುತ್ತಾ ಮಾಡಿದ ಕೈಸನ್ನೆಯಲ್ಲಿ ಉರುಳುವುದೂ ಇಳಿಯುವುದೂ ಒಂದೇ ಚಲನೆ, ಕೈ ಸುತ್ತುತ್ತಾ ಕೆಳಗೆ ಹೋಯಿತು, ಕಣ್ಣಿಗೆ ಕಂಡ ಹಾಗೆ. ಶಾಲೆಗೆ ಮೊದಲು ಸೇರಿದ ತಂಡದ ಕಿವುಡರದ್ದೂ ಹೆಚ್ಚಾಗಿ ಹಾಗೇ. ಆಮೇಲೆ ಚಿಕ್ಕವರಾಗಿ ಬಂದು ಸೇರಿದ ಎರಡನೆಯ, ಮೂರನೆಯ ತಂಡದವರು ಮಾತ್ರ ಹೆಚ್ಚಿನ ಸಲ ಅದನ್ನು ಎರಡು ಮಾಡಿದರು. ಮೊದಲು ‘ಉರುಳು’ ಅಂತ ಒಂದು ಸಂಜ್ಞೆ, ಆಮೇಲೆ ‘ಕೆಳಗೆ’ ಅಂತ ಇನ್ನೊಂದು.

ಇದನ್ನು ಸ್ವಲ್ಪ ಯೋಚಿಸಿ. ಬೆಕ್ಕು ಮೊದಲು ಉರುಳಿ ಆಮೇಲೆ ಇಳಿಯಲಿಲ್ಲ. ಎರಡೂ ಒಟ್ಟಿಗೆ ಆದವು. ಚಿತ್ರದ ಹಾಗೆ ನೋಡಿದರೆ ಚಿಕ್ಕ ಮಕ್ಕಳು ಹೇಳಿದ್ದು ತಪ್ಪು ಚಿತ್ರ. ಭಾಷೆಯ ಹಾಗೆ ನೋಡಿದರೆ ಅದೇ ದೊಡ್ಡ ಹೆಜ್ಜೆ. ‘ಉರುಳು’ ಬೇರೆಯಾದ ಮೇಲೆ ಅದನ್ನು ‘ಮೇಲೆ’ಗೂ ಜೋಡಿಸಬಹುದು, ‘ಕೆಳಗೆ’ಗೆ ‘ಜಾರು’, ‘ಕುಣಿ’ ಅಂತಲೂ ಜೋಡಿಸಬಹುದು. ಮುದ್ದೆ ಒಡೆದು ಚೂರಾಯಿತು, ಚೂರುಗಳಿಂದ ವಾಕ್ಯ ಆಯಿತು. ಇದನ್ನು ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ದೊಡ್ಡವರ ಸನ್ನೆಯನ್ನು ನೋಡಿದ ಚಿಕ್ಕ ಮಕ್ಕಳು ಅದರಿಂದ ಭಾಷೆ ಮಾಡಿಕೊಂಡರು.

ಮಿದುಳಿಗೆ ಇದು ಭಾಷೆಯಾ, ಚಲನೆಯಾ?

ಭಾಷೆ. ಹೆಚ್ಚಿನವರಲ್ಲಿ ಮಾತು ಮಿದುಳಿನ ಎಡಭಾಗದಲ್ಲಿ ನಡೆಯುತ್ತದೆ, ಅಲ್ಲಿ ಪಾರ್ಶ್ವವಾಯು ಹೊಡೆದರೆ ಮಾತು ಕೆಡುತ್ತದೆ. ಎಡಭಾಗಕ್ಕೆ ಪೆಟ್ಟಾದ ಕಿವುಡರಲ್ಲಿ ಸಂಜ್ಞೆಯೂ ಹಾಗೇ ಕೆಟ್ಟದ್ದನ್ನು ಉರ್ಸುಲಾ ಬೆಲ್ಲುಗಿ ಮತ್ತು ಜೊತೆಯವರು 1980ರ ದಶಕದಲ್ಲಿ ತೋರಿಸಿದರು. ಬಲಭಾಗಕ್ಕೆ ಪೆಟ್ಟಾದವರು ಒಂದು ಮನೆಯ ಚಿತ್ರ ಬಿಡಿಸಲಾರದೆ ಒದ್ದಾಡಿದರೂ ಅವರ ಸಂಜ್ಞೆ ಸರಾಗವಾಗಿತ್ತು.

ತುಟಿ ಓದುವುದು ಕಲಿತರೆ ಸಾಲದಾ?

ಕನ್ನಡಿ ಮುಂದೆ ನಿಂತು ಸದ್ದು ಮಾಡದೆ ‘ಪರ’, ‘ಬರ’, ‘ಮರ’ ಅನ್ನಿ. ಮೂರಕ್ಕೂ ತುಟಿ ಒಂದೇ. ‘ಕಲ್ಲು’, ‘ಗಲ್ಲು’ ಅನ್ನಿ, ಕ ಮತ್ತು ಗ ಗಂಟಲ ಹತ್ತಿರ ಹುಟ್ಟುತ್ತವೆ, ಹೊರಗೆ ಏನೂ ಕಾಣುವುದೇ ಇಲ್ಲ. ತುಟಿ ಓದುವವರು ಅರ್ಧಕ್ಕಿಂತ ಜಾಸ್ತಿ ಊಹೆ ಮಾಡುತ್ತಿರುತ್ತಾರೆ. ಊಹೆ ಮಾಡಲು ಆ ಭಾಷೆ ಮೊದಲೇ ಚೆನ್ನಾಗಿ ಗೊತ್ತಿರಬೇಕು. ಭಾಷೆಯೇ ಇನ್ನೂ ಬಾರದ ಮಗುವಿಗೆ ತುಟಿಯಿಂದ ಭಾಷೆ ಕಲಿ ಅನ್ನುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಕಾಕ್ಲಿಯರ್ ಇಂಪ್ಲಾಂಟ್ ಬಂದಮೇಲೆ ಇದೆಲ್ಲ ಯಾಕೆ ಬೇಕು?

ಇಂಪ್ಲಾಂಟ್ ಒಳ್ಳೆಯ ಯಂತ್ರ, ಅದನ್ನು ನಾನು ಬೈಯುವುದಿಲ್ಲ. ಹಿಯರಿಂಗ್ ಏಡ್ ಸದ್ದನ್ನು ಜೋರು ಮಾಡುತ್ತದೆ. ಇಂಪ್ಲಾಂಟ್ ಹಾಗಲ್ಲ. ಹೊರಗಿನ ತುಂಡು ಸದ್ದನ್ನು ಹಿಡಿದು ಒಳಗಿನ ತುಂಡಿಗೆ ಕಳಿಸುತ್ತದೆ, ಒಳಗಿನ ತಂತಿ ಕಿವಿಯ ನರವನ್ನು ನೇರವಾಗಿ ವಿದ್ಯುತ್ತಿನಿಂದ ತಟ್ಟುತ್ತದೆ. ತುಂಬ ಮಕ್ಕಳು ಇದರಿಂದ ಮಾತು ಕಲಿತಿದ್ದಾರೆ. ಆದರೆ ಅದು ಸಹಜ ಕಿವಿ ಅಲ್ಲ. ಗದ್ದಲದಲ್ಲಿ ಕಷ್ಟ. ಸ್ನಾನಕ್ಕೆ, ನಿದ್ದೆಗೆ ಹೊರಗಿನ ತುಂಡು ತೆಗೆದಿಟ್ಟರೆ ಮಗು ಪೂರ್ತಿ ಕಿವುಡು. ಫಲ ಎಲ್ಲರಿಗೂ ಒಂದೇ ಥರ ಬರುವುದಿಲ್ಲ, ಯಾವ ಮಗುವಿಗೆ ಎಷ್ಟು ಬರುತ್ತದೆ ಅಂತ ಮುಂಚೆಯೇ ಸರಿಯಾಗಿ ಹೇಳಲೂ ಆಗುವುದಿಲ್ಲ.

ನನ್ನ ಕಳವಳ ಇರುವುದು ಕಾಯುವ ವರ್ಷಗಳ ಬಗ್ಗೆ. ಆಪರೇಷನ್ ಆಗಲಿ, ತರಬೇತಿ ಮುಗಿಯಲಿ, ಅಲ್ಲಿಯವರೆಗೆ ಸಂಜ್ಞೆ ಕಲಿಸಬೇಡಿ, ಕಲಿಸಿದರೆ ಮಗು ಸೋಮಾರಿಯಾಗಿ ಮಾತೇ ಆಡುವುದಿಲ್ಲ ಅಂತ ಎಷ್ಟೋ ಅಪ್ಪ ಅಮ್ಮನಿಗೆ ಹೇಳಿ ಕಳಿಸುತ್ತಾರೆ. ಅದರಿಂದ ಏನಾಗಬಹುದು ಅನ್ನುವುದಕ್ಕೆ ರೇಚೆಲ್ ಮೇಬರಿ 1993ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಅವರು ಎರಡು ಗುಂಪಿನ ಕಿವುಡ ದೊಡ್ಡವರನ್ನು ಹೋಲಿಸಿದರು. ಇಬ್ಬರೂ ಸಂಜ್ಞೆ ಕಲಿಯಲು ಶುರು ಮಾಡಿದ್ದು ತಡವಾಗಿ, ಸುಮಾರು ಒಂದೇ ವಯಸ್ಸಿನಲ್ಲಿ. ಒಂದು ಗುಂಪಿನವರು ಹುಟ್ಟಿನಿಂದ ಕಿವುಡರು, ಅವರಿಗೆ ಅಲ್ಲಿಯವರೆಗೆ ಸರಿಯಾಗಿ ಯಾವ ಭಾಷೆಯೂ ಸಿಕ್ಕಿರಲಿಲ್ಲ. ಇನ್ನೊಂದು ಗುಂಪಿನವರು ಮೊದಲು ಕಿವಿ ಕೇಳಿಸಿ ಇಂಗ್ಲಿಷ್ ಕಲಿತು, ಆಮೇಲೆ ಕಿವುಡರಾದವರು. ಎರಡನೆಯ ಗುಂಪಿನವರು ಸಂಜ್ಞೆಯಲ್ಲಿ ಬಹಳ ಮುಂದಿದ್ದರು. ಅಂದರೆ ಬಾಲ್ಯದಲ್ಲಿ ಯಾವುದಾದರೂ ಒಂದು ಭಾಷೆ ಪೂರ್ತಿಯಾಗಿ ಸಿಕ್ಕಿದ್ದರೆ ಅದರ ಮೇಲೆ ಇನ್ನೊಂದನ್ನು ಕಟ್ಟಬಹುದು. ಯಾವುದೂ ಸಿಗದಿದ್ದರೆ ಆ ಕೊರತೆ ದೊಡ್ಡವರಾದ ಮೇಲೂ ಉಳಿಯುತ್ತದೆ.

ಆದ್ದರಿಂದ ಇಂಪ್ಲಾಂಟ್ ಹಾಕಿಸುವವರಿಗೂ ನಾನು ಹೇಳುವುದು ಇಷ್ಟೇ. ಹಾಕಿಸಿ, ಜೊತೆಗೆ ಇವತ್ತಿನಿಂದಲೇ ಸಂಜ್ಞೆ ಶುರು ಮಾಡಿ. ಕಣ್ಣು ಚೆನ್ನಾಗಿರುವ ಮಗುವಿಗೆ ಈ ಭಾಷೆ ಕಾಯದೆ ಸಿಗುತ್ತದೆ. ನಿಮ್ಮ ಸಂಜ್ಞೆ ತಪ್ಪುತಪ್ಪಾಗಿದ್ದರೂ ಪರವಾಗಿಲ್ಲ. ವಾರಕ್ಕೆ ಒಂದೆರಡು ದಿನವಾದರೂ ಕಿವುಡ ದೊಡ್ಡವರು ಮನೆಗೆ ಬಂದು ಮಗುವಿನ ಜೊತೆ ಮಾತಾಡುವ ಹಾಗೆ ಮಾಡಿಕೊಳ್ಳಿ.

ಹಾಗಾದರೆ ಹಿಂದೆ ಶಾಲೆಗಳಲ್ಲಿ ಸಂಜ್ಞೆ ಯಾಕೆ ಬೇಡ ಅಂದರು?

1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರ ಸಭೆ ಸೇರಿತು. ಬಂದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಕಿವಿ ಕೇಳಿಸುವವರು. ಬಾಯಿ ಮಾತೇ ಮೇಲು, ಸಂಜ್ಞೆ ಬೇಡ ಅಂತ ಗೊತ್ತುವಳಿ ಮಾಡಿದರು. ಅದಾದ ಮೇಲೆ ದೇಶ ದೇಶಗಳ ಶಾಲೆಗಳಿಂದ ಕಿವುಡ ಮೇಷ್ಟ್ರುಗಳು ಹೊರಗೆ ಹೋದರು, ಮಕ್ಕಳು ಕೈ ಎತ್ತಿದರೆ ಹೊಡೆತ ಬಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಭೆಯ ಮುಂದಿನ ಪೀಳಿಗೆ ಆ ಗೊತ್ತುವಳಿಯನ್ನು ತಳ್ಳಿಹಾಕಿ ವಿಷಾದ ಹೇಳಿತು. ನಡುವೆ 130 ವರ್ಷ.

ನಮ್ಮ ತಾತನಿಗೆ ಈಗ ಕಿವಿ ಕೇಳಿಸುತ್ತಿಲ್ಲ. ಅವರೂ ಸಂಜ್ಞಾ ಭಾಷೆ ಕಲಿಯಬೇಕಾ?

ಬೇಕು ಅನ್ನಿಸಿದರೆ ಕಲಿಯಲಿ, ಆದರೆ ಅವರಿಗೆ ಮೊದಲು ಬೇಕಾದದ್ದು ಬೇರೆ. ಅವರ ಭಾಷೆ ಅವರ ಬಳಿಯೇ ಇದೆ, ಅದು ಒಳಗೆ ಬರುವ ದಾರಿ ಮಾತ್ರ ಮಂಜಾಗಿದೆ. ಕಿವಿ ಪರೀಕ್ಷೆ ಮಾಡಿಸಿ. ಹಿಯರಿಂಗ್ ಏಡ್ ಕೊಡಿಸಿದರೆ ಮೊದಲ ವಾರ ಕಿರಿಕಿರಿ ಅಂತ ತೆಗೆದಿಡುತ್ತಾರೆ, ಆಗ ಬಿಟ್ಟುಬಿಡಬೇಡಿ, ಮತ್ತೆ ಹೋಗಿ ಸರಿ ಮಾಡಿಸಿ. ಮಾತಾಡುವಾಗ ನಿಮ್ಮ ಮುಖಕ್ಕೆ ಬೆಳಕು ಬೀಳುವ ಹಾಗೆ ಎದುರು ಕೂರಿ. ಕಿರುಚಬೇಡಿ, ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ. ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ‘ಏನಿಲ್ಲ ಬಿಡಿ ತಾತ’ ಅಂತ ಮಾತ್ರ ಅನ್ನಬೇಡಿ. ಹುಟ್ಟು ಕಿವುಡರೂ, ವಯಸ್ಸಾಗಿ ಕಿವಿ ಮಂದವಾದವರೂ, ನಾನು ಕೇಳಿದ ಎಲ್ಲರೂ, ಅತಿ ಜಾಸ್ತಿ ನೋಯಿಸುವ ಮಾತು ಯಾವುದು ಅಂದರೆ ಅದನ್ನೇ ಹೇಳಿದ್ದಾರೆ.